ಅಚ್ಚುತನ ಕಾರ್ಡಿನ ಹಿಂಬದಿ

ಮರ್ಕಂಜದ ಅಚ್ಚುತನಿಗೆ ಹಾಲಿನ ಸೊಸೈಟಿಯ ನಿರ್ದೇಶಕನಾಗಲೇಬೇಕೆಂಬ ಹುಚ್ಚು ಹಿಡಿದಿತ್ತು. ಅವನೇನು ಸೆಗಣಿ ಬಾಚಿದವನಲ್ಲ, ಕೆಚ್ಚಲು ಮುಟ್ಟಿದವನೂ ಅಲ್ಲ. ಹಟ್ಟಿಯ ಕೆಲಸವೆಲ್ಲ ಹೆಂಡತಿ ಶರ್ಮಿಳಾಳದ್ದು. ಈ ಮಹಾಶಯನಿಗೆ ಪುತ್ತೂರಿನಲ್ಲಿ ಟೈಲ್ಸ್ ಅಂಗಡಿ, ಅಲ್ಲೇ ಒಂದು ಫ್ಲಾಟು. ಆದಿತ್ಯವಾರ ಊರಿಗೆ ಬಂದು, ಗಟ್ಟಿ ಮೊಸರು ಹಾಕಿಕೊಂಡು ಉಂಡು, ಕರುವಿನ ಬೆನ್ನು ಒಮ್ಮೆ ತಟ್ಟಿ ಕಾರು ಹತ್ತಿದರೆ ಅವನ ಹೈನುಗಾರಿಕೆ ಮುಗಿಯಿತು.

ಆದರೆ ಬಾಯಿ ಇತ್ತಲ್ಲ! ಇನ್ನೊಬ್ಬ ಅಭ್ಯರ್ಥಿ ಮಹಾಬಲ ಕಡಬದಿಂದ ಬಂದು, ಹೆಂಡತಿಯ ಊರಿನಲ್ಲೇ ನೆಲೆ ನಿಂತವನು. ಅವನ ಮಕ್ಕಳು ಹುಟ್ಟಿ ಬೆಳೆದದ್ದೂ ಇಲ್ಲೇ. ಆದರೂ ಅಚ್ಚುತ ಸಿಕ್ಕಸಿಕ್ಕವರ ಹತ್ತಿರ, "ಪರವೂರಿನವರಿಗೆ ನಮ್ಮ ಸೊಸೈಟಿ ಎಂತಕ್ಕೆ ಮಾರಾಯ್ರೆ? ನಮ್ಮೂರಿನವ ಬೇಕಾ, ಬೇಡ್ವಾ?" ಎಂದು ಕೇಳುತ್ತ ತಿರುಗಿದ. ಕೇಳಿದವರೂ ತಲೆಯಾಡಿಸಿದರು. ತಲೆಯಾಡಿಸುವುದಕ್ಕೆ ಯಾರಿಗೆ ಏನು ಖರ್ಚು?

ನಾಮಪತ್ರ ಕೊಡುವ ಕೊನೆಯ ದಿನ ಅಚ್ಚುತ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಸೊಸೈಟಿಯ ಮೆಟ್ಟಿಲು ಹತ್ತಿದ. ಚುನಾವಣೆ ನಡೆಸಲು ಸುಳ್ಯದಿಂದ ಬಂದಿದ್ದ ಕಮಲಾವತಿ ಮೇಡಂ ಅವನ ಕಾಗದಗಳನ್ನು ಒಂದೊಂದಾಗಿ ತಿರುವಿ ನೋಡಿದರು. ಕೊನೆಗೆ ಆಧಾರ್ ಕಾರ್ಡಿನ ಪ್ರತಿ ಬಂತು. ಇಡೀ ಹಾಳೆಯ ತುಂಬ ಅಚ್ಚುತನ ಮೋರೆ! ಮದುವೆ ಮನೆಯ ಫ್ಲೆಕ್ಸಿನಲ್ಲೂ ಅಷ್ಟು ದೊಡ್ಡದಾಗಿ ಬಂದಿರಲಿಕ್ಕಿಲ್ಲ.

"ಇದೆಂತ, ಕ್ಯಾಲೆಂಡರಾ?" ಎಂದರು ಮೇಡಂ. "ಹಿಂಬದಿ ಎಲ್ಲಿ?"

"ಹೆಸರು ಉಂಟು, ಫೋಟೋ ಉಂಟು. ಹಿಂಬದಿ ಎಂತಕ್ಕೆ ಮೇಡಂ?"

"ವಿಳಾಸ ಇರುದು ಹಿಂಬದಿಯಲ್ಲಿ. ಅಭ್ಯರ್ಥಿ ಸಂಘದ ವ್ಯಾಪ್ತಿಯಲ್ಲೇ ವಾಸ ಇರ್ಬೇಕು, ಅದು ನಿಮ್ಮದೇ ಬೈಲಾದ ನಿಯಮ. ಮುಂದೆ ಹಿಂದೆ ಎರಡೂ ಒಂದೇ ಹಾಳೆಯಲ್ಲಿ, ಕಾರ್ಡ್ ಎಷ್ಟುಂಟೋ ಅಷ್ಟೇ ಸೈಜಿಗೆ ತನ್ನಿ. ನಾನು ಒರಿಜಿನಲ್ ಮೇಲಿಟ್ಟು ನೋಡ್ತೇನೆ. ಮೂರು ಗಂಟೆಗೆ ಬಾಗಿಲು ಹಾಕ್ತೇವೆ."

ಅಚ್ಚುತನ ಬೆನ್ನಲ್ಲಿ ಬೆವರಿಳಿಯಿತು. ಇಳಿಯದೆ ಏನು? ಪುತ್ತೂರಿನ ಫ್ಲಾಟಿಗೆ ಗ್ಯಾಸ್ ಕನೆಕ್ಷನ್ ಬೇಕೆಂದು ಆಧಾರಿನ ವಿಳಾಸವನ್ನೇ ಪುತ್ತೂರಿಗೆ ಬದಲಾಯಿಸಿಕೊಂಡಿದ್ದ ಪುಣ್ಯಾತ್ಮ ಅವನು. ಕಾರ್ಡಿನ ಮುಂಬದಿಯಲ್ಲಿ ಅವನು ಅಚ್ಚುತ, ಹಿಂಬದಿಯಲ್ಲಿ ಅಪ್ಪಟ ಪುತ್ತೂರಿನವನು. ಅದಕ್ಕೇ ಮುಂಬದಿಯ ಫೋಟೋ ಮಾತ್ರ ಮೊಬೈಲಿನಲ್ಲಿ ತೆಗೆದು, ಹಾಳೆಯಲ್ಲಿ ಬೇರೆ ಯಾವುದಕ್ಕೂ ಜಾಗ ಉಳಿಯದ ಹಾಗೆ ದೊಡ್ಡದು ಮಾಡಿಸಿದ್ದ. ಪ್ರಿಂಟರಿನಲ್ಲಿ 'ಹಾಳೆಗೆ ಹೊಂದಿಸು' ಎಂದು ಒತ್ತಿದರೆ ಚಿತ್ರ ತಾನಾಗಿ ಅಂಚಿನಿಂದ ಅಂಚಿಗೆ ಹಿಗ್ಗುತ್ತದೆ. ಅದು ತನಗೇ ಹೊಳೆದ ಮಹಾ ಉಪಾಯ ಎಂದು ಬೀಗಿದ್ದ ಬೇರೆ.

ಆದರೆ ಅಷ್ಟಕ್ಕೇ ಕೈಚೆಲ್ಲಿ ಕೂರುವ ಜಾಯಮಾನ ಅವನದಲ್ಲ. ಅಂಗಿಯ ಕಿಸೆಯಲ್ಲಿ ಶರ್ಮಿಳಾಳ ಕಾರ್ಡೂ ಇತ್ತು. ಬೇಕಾದೀತು ಎಂದು ಬೆಳಿಗ್ಗೆ ಅವಳಿಗೆ ಹೇಳದೆ ಕಪಾಟಿನಿಂದ ಎತ್ತಿಕೊಂಡಿದ್ದ. ಅವಳ ವಿಳಾಸ ಮರ್ಕಂಜದ್ದೇ. ಹಿಂಬದಿಯಲ್ಲಿ ಫೋಟೋ ಇರುವುದಿಲ್ಲವಲ್ಲ, ಯಾರ ಹಿಂಬದಿಯಾದರೇನು?

ಸೊಸೈಟಿಯ ಎದುರಿಗೇ ಶೀಲಾವತಿಯ ಜೆರಾಕ್ಸ್ ಅಂಗಡಿ. ಅವಳು ಮೆಷಿನಿನ ಮುಚ್ಚಳ ಎತ್ತಿ, ಅಂಚು ಕತ್ತರಿಸಿ ಹೋಗದ ಹಾಗೆ ಅಚ್ಚುತನ ಕಾರ್ಡನ್ನು ಗಾಜಿನ ಮೂಲೆಯಿಂದ ತುಸು ಈಚೆಗಿಟ್ಟು, ಐಡಿ ಕಾಪಿಯ ಬಟನ್ ಒತ್ತಿದಳು. ಬೆಳಕು ಒಮ್ಮೆ ಹರಿದುಹೋಯಿತು. ಹಾಳೆ ಮಾತ್ರ ಹೊರಗೆ ಬರಲಿಲ್ಲ.

"ಎಂತ, ಹಾಳಾಯ್ತಾ?" ಎಂದ ಅಚ್ಚುತ.

"ಇಲ್ಲ ಅಣ್ಣ. ಅದು ಇನ್ನೊಂದು ಬದಿಗೆ ಕಾಯ್ತಾ ಉಂಟು. ಇದೇ ಜಾಗದಲ್ಲಿ ತಿರುಗಿಸಿ ಇಟ್ಟರೆ ಎರಡನ್ನೂ ಒಂದೇ ಹಾಳೆಯಲ್ಲಿ ಮೇಲೆ ಕೆಳಗೆ ಹಾಕಿ ಕೊಡ್ತದೆ."

"ಕೆಳಗಿನದ್ದನ್ನು ಸ್ವಲ್ಪ ಸಣ್ಣ ಮಾಡ್ಲಿಕ್ಕೆ ಆಗುದಿಲ್ವಾ? ಅಕ್ಷರ ಅಷ್ಟು ಎದ್ದು ಕಾಣುದು ಬೇಡ."

"ಸಣ್ಣ ಮಾಡಿದ್ರೆ ಎರಡೂ ಸಣ್ಣ ಆಗ್ತದೆ. ಮತ್ತೆ ಮೇಡಂ ಕಾರ್ಡ್ ಇಟ್ಟು ನೋಡಿದ್ರೆ ಸರಿ ಕೂತ್ಕೊಳ್ಳುದಿಲ್ಲ. ನೂರು ಪರ್ಸೆಂಟೇ ಇರ್ಲಿ."

ಅಷ್ಟರಲ್ಲಿ ಯಾರೋ ಲ್ಯಾಮಿನೇಷನ್ ಕೇಳಿಕೊಂಡು ಬಂದರು. "ನೀನು ಅವರನ್ನು ನೋಡು, ನಾನೇ ತಿರುಗಿಸ್ತೇನೆ," ಎಂದು ಅಚ್ಚುತ ಮುಂದೆ ಬಂದ. ತನ್ನ ಕಾರ್ಡು ಕಿಸೆಗೆ, ಕಿಸೆಯ ಕಾರ್ಡು ಗಾಜಿಗೆ. ಬಟನ್ ಒತ್ತಿದ. ಹಾಳೆ ಬೆಚ್ಚಗೆ ಹೊರಗೆ ಬಂತು. ಮೇಲೆ ಅವನ ಮುಖ, ಕೆಳಗೆ ಮರ್ಕಂಜ. ಆಹಾ! ಊರಿನ ಹೆಸರು ಕಂಡದ್ದೇ ಅವನಿಗೆ ಕಣ್ಣು ತುಂಬಿತು. ಉಳಿದ ಸಾಲು ಓದುವ ತಾಳ್ಮೆ ಯಾರಿಗಿದೆ? ಹೆಂಡತಿಯ ಕಾರ್ಡನ್ನು ಮತ್ತೆ ಕಿಸೆಗೆ ತುರುಕಿ, ಹಾಳೆಯ ಕೆಳಗೆ ಸರಸರನೆ ಸಹಿ ಹಾಕಿ ರಸ್ತೆ ದಾಟಿದ.

ಸೊಸೈಟಿಯಲ್ಲಿ ಆಗ ಮಹಾಬಲ ತನ್ನ ಬೆಂಬಲಿಗರ ಜೊತೆ ಬೆಂಚಿನ ಮೇಲೆ ಕೂತಿದ್ದ. ಕಮಲಾವತಿ ಮೇಡಂ ಕೈ ಚಾಚಿ ಅಚ್ಚುತನ ಕಾರ್ಡು ತೆಗೆದುಕೊಂಡು ಹಾಳೆಯ ಮೇಲಿನ ಚಿತ್ರದ ಮೇಲಿಟ್ಟರು. ನಾಲ್ಕು ಅಂಚೂ ಕರಾರುವಾಕ್ಕಾಗಿ ಕೂತವು. ಅಚ್ಚುತ ಬೆಂಚಿನ ಕಡೆಗೊಮ್ಮೆ ಗತ್ತಿನಿಂದ ನೋಡಿದ.

ಮೇಡಂ ಕನ್ನಡಕ ಸರಿ ಮಾಡಿಕೊಂಡು ಕೆಳಗಿನದ್ದನ್ನು ಜೋರಾಗಿಯೇ ಓದಿದರು. "ವಿಳಾಸ. ವೈಫ್ ಆಫ್ ಅಚ್ಚುತ..." ಅಲ್ಲಿಗೇ ನಿಲ್ಲಿಸಿ ತಲೆಯೆತ್ತಿದರು. "ಅಚ್ಚುತ ಅಂದ್ರೆ ನೀವಲ್ವಾ?"

"ಹೌದು."

"ಹಾಗಾದ್ರೆ ನೀವು ನಿಮ್ಮದೇ ಹೆಂಡತಿಯಾ?"

ಬೆಂಚಿನ ಮೇಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬನಂತೂ, "ಯಬ್ಬ! ಮದುವೆಗೆ ನಮ್ಮನ್ನು ಕರೀಲೇ ಇಲ್ಲ ಮಾರಾಯ್ರೆ," ಎಂದ. ಅಚ್ಚುತನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಅದು... ಜೆರಾಕ್ಸಿನವಳದ್ದು ತಪ್ಪು," ಎಂದು ತೊದಲಿದ.

"ಅವಳು ನಿಮಗೆ ಗಂಡನನ್ನು ಹುಡುಕಿ ಕೊಟ್ಟಳಾ? ಮೇಲಿನ ನಂಬರೇ ಬೇರೆ, ಕೆಳಗಿನ ನಂಬರೇ ಬೇರೆ," ಎನ್ನುತ್ತ ಮೇಡಂ ಅವನ ಕಾರ್ಡನ್ನು ಮಗುಚಿದರು. ಪುತ್ತೂರಿನ ವಿಳಾಸ ಹಲ್ಲು ಕಿರಿಯಿತು. ಅವರು ಅದನ್ನೂ ಪಿನ್‌ಕೋಡಿನವರೆಗೆ ಓದಿದರು. ನಾಮಪತ್ರ, ಹಾಳೆ, ಕಾರ್ಡು ಎಲ್ಲವನ್ನೂ ಅವನ ಕಡೆಗೆ ದೂಡಿ, "ತೆಗೊಂಡು ಹೋಗಿ. ಇದನ್ನು ಮೇಲಿನವರಿಗೆ ಬರೆದು ಕಳಿಸ್ಬೇಕಿತ್ತು, ಬಿಡ್ತಾ ಇದ್ದೇನೆ, ನಿಮ್ಮ ಪುಣ್ಯ," ಎಂದರು. ಮಹಾಬಲ ಮಾತ್ರ ನಗಲಿಲ್ಲ. ಅವನು ನಗದೇ ಕೂತದ್ದು ಅಚ್ಚುತನಿಗೆ ಉಳಿದವರ ನಗುವಿಗಿಂತ ಹೆಚ್ಚು ಉರಿಯಿತು.

ಅದೇ ಹೊತ್ತಿಗೆ ಶರ್ಮಿಳಾ ಏದುಸಿರು ಬಿಡುತ್ತ ಒಳಗೆ ಬಂದಳು. ಕರುವಿನ ಇನ್ಶೂರೆನ್ಸಿನವರು ಹಟ್ಟಿಯ ಬಾಗಿಲಲ್ಲಿ ನಿಂತಿದ್ದಾರೆ, ಇವಳ ಕಾರ್ಡಿಲ್ಲ, ಗಂಡ ಫೋನ್ ಎತ್ತುವುದಿಲ್ಲ. "ನನ್ನ ಕಾರ್ಡ್ ನೀವು ತಂದದ್ದಾ?" ಎಂದು ಕೇಳುವಷ್ಟರಲ್ಲಿ ಹಾಳೆ ಅವಳ ಕಣ್ಣಿಗೆ ಬಿತ್ತು. ಓದಿದಳು. ಬೆಂಚಿನವರ ಮುಖ ನೋಡಿದಳು. ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ, ಸಿಟ್ಟು ನೆತ್ತಿಗೇರಿತು.

"ಹಾಲು ಕರೀಲಿಕ್ಕೆ ನಾನು, ವಿಳಾಸಕ್ಕೂ ನಾನು. ನಿಮ್ಮದು ಅಂತ ಎಂತ ಉಂಟು ಇಲ್ಲಿ?"

ಅವಳು ಮೇಡಂ ಕಡೆಗೆ ತಿರುಗಿದಳು. "ಮಹಿಳಾ ಸ್ಥಾನಕ್ಕೆ ಯಾರಾದ್ರೂ ಹಾಕಿದ್ದಾರಾ ಮೇಡಂ? ನಾನೂ ಮೆಂಬರ್."

ಹೌದು, ಮೆಂಬರೇ. ಮನೆಗೆ ಇನ್ನೊಂದು ಓಟು ಇರಲಿ ಎಂದು ಅಚ್ಚುತನೇ ಮಾಡಿಸಿದ್ದು. ಯಾರೂ ಹಾಕಿಲ್ಲ, ಇನ್ನೂ ಸಮಯ ಉಂಟು ಎಂದರು ಮೇಡಂ. ಇನ್ಶೂರೆನ್ಸಿನವರಿಗೆ ಕಾಯಲು ಫೋನಿನಲ್ಲಿ ಹೇಳಿ, ಶರ್ಮಿಳಾ ಗಂಡನ ಕಿಸೆಗೆ ತಾನೇ ಕೈಹಾಕಿ ಕಾರ್ಡು ಎತ್ತಿಕೊಂಡು ರಸ್ತೆ ದಾಟಿದಳು. ಶೀಲಾವತಿ ಈ ಸಲ ಎರಡೂ ಬದಿಯನ್ನು ತಾನೇ ಇಟ್ಟಳು. ಮೇಡಂ ಕಾರ್ಡಿಟ್ಟು ನೋಡಿದರು, ಮಗುಚಿಟ್ಟೂ ನೋಡಿದರು. ಅಳತೆ ಕೂತಿತು, ನಂಬರ್ ಕೂತಿತು, ವಿಳಾಸವೂ ಕೂತಿತು.

"ಸೂಚಕರ ಸಹಿ ಒಂದು ಬೇಕು. ವ್ಯಾಪ್ತಿಯೊಳಗಿನ ಮೆಂಬರ್ ಆಗಿರ್ಬೇಕು," ಎಂದರು.

ಅಚ್ಚುತನ ಜೀವ ಮರಳಿ ಬಂತು. ಹೆಂಡತಿ ಗೆದ್ದರೂ ಮೀಟಿಂಗಿನಲ್ಲಿ ಮಾತಾಡುವವನು ತಾನೇ ತಾನೆ! ಎದೆ ಮುಂದೆ ಮಾಡಿ, ಕಿಸೆಯಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ ಮೇಜಿಗೆ ಬಾಗಿದ.

ಶರ್ಮಿಳಾ ಪೆನ್ನನ್ನು ಅವನ ಕೈಯಿಂದ ತೆಗೆದುಕೊಂಡಳು.

"ಇವರದ್ದು ಬೇಡ ಮೇಡಂ, ಇವರು ಪುತ್ತೂರಿನವರು," ಎಂದು ಬೆಂಚಿನ ಕಡೆಗೆ ಚಾಚಿದಳು. "ಮಹಾಬಲಣ್ಣ, ಒಂದು ಸಹಿ ಹಾಕ್ತೀರಾ?"