ಎರಡನೇ ಸಲದ ಕ್ಯಾಪ್ಚಾ

ನರ್ಸುಗಳ ವರ್ಗಾವಣೆ ಅರ್ಜಿಗೆ ಅಂದು ಕಡೆಯ ದಿನ. ಸರ್ಕಾರದ ಪೋರ್ಟಲ್ ಎಂದಿನಂತೆ ಕುಂಟುತ್ತಿದ್ದರೂ ಅರ್ಜಿ ತುಂಬಿಕೊಡುವ ಅಂಗಡಿಯವಳಿಗೆ ಚಿಂತೆಯಿರಲಿಲ್ಲ. ಮೈದುನ ಒಂದು ಸ್ಕ್ರಿಪ್ಟ್ ಬರೆದುಕೊಟ್ಟಿದ್ದ. ಅದು ಎಕ್ಸೆಲ್ ಹಾಳೆಯಿಂದ ಹೆಸರು, ಸೇವೆಯ ವಿವರ, ಬೇಕಾದ ಆಸ್ಪತ್ರೆ ಎಲ್ಲವನ್ನೂ ತಾನೇ ತುಂಬಿ, ಕ್ಯಾಪ್ಚಾ ಬಂದಾಗ ಸುಮ್ಮನೆ ನಿಂತುಬಿಡುತ್ತಿತ್ತು. ಆ ಸೊಟ್ಟ ಅಕ್ಷರಗಳನ್ನು ಓದಿ ಟೈಪ್ ಮಾಡಿ, ಪಕ್ಕದ ಕಪ್ಪು ವಿಂಡೋದಲ್ಲಿ ಎಂಟರ್ ಒತ್ತುವುದಷ್ಟೇ ಇವಳ ಕೆಲಸ. ಒತ್ತಿದರೆ ಸ್ಕ್ರಿಪ್ಟೇ ಅರ್ಜಿ ಸಲ್ಲಿಸುತ್ತಿತ್ತು.

"ಅತ್ತಿಗೆ, ಅದು ನಿಂತಾಗ ಒಂದ್ಸಲ ಮೇಲಿಂದ ಕೆಳಗೆ ನೋಡ್ಬಿಡಿ," ಎಂದಿದ್ದ ಮೈದುನ. ಮೊದಮೊದಲು ನೋಡಿದಳು. ಎಲ್ಲ ಸರಿಯಾಗಿಯೇ ಇರುತ್ತಿತ್ತು. ಸರಿಯಿದ್ದದ್ದನ್ನೇ ಎಷ್ಟು ಸಲ ಅಂತ ನೋಡುವುದು? ಮಧ್ಯಾಹ್ನದ ಹೊತ್ತಿಗೆ ಕಣ್ಣು ಕ್ಯಾಪ್ಚಾದ ಚೌಕ ಬಿಟ್ಟು ಆಚೀಚೆ ಹೋಗುತ್ತಿರಲಿಲ್ಲ.

ಆಗ ಬಂದವಳು ಸ್ವಂತ ಅಕ್ಕ. ಅವಳು ದೂರದ ಊರಿನಲ್ಲಿ ನರ್ಸು. ಭಾವ ಪಾರ್ಶ್ವವಾಯು ಬಡಿದು ಇಲ್ಲಿ ಹಾಸಿಗೆ ಹಿಡಿದಿದ್ದರು. ಊರವರ ಮಗ್ಗುಲು ಬದಲಿಸುವ ಅಕ್ಕನಿಗೆ ಗಂಡನ ಮಗ್ಗುಲು ಬದಲಿಸಲು ರಜೆ ಬೇಕಿತ್ತು.

"ಇಲ್ಲಿಗೆ ಸಿಕ್ರೆ ಸಾಕು ಕಣೆ. ರಾತ್ರಿಯಾದ್ರೂ ಅವರ ಹತ್ರ ಇರ್ತೀನಿ."

"ಸಿಗುತ್ತೆ ಬಿಡಕ್ಕ. ಭಾವನ ಸ್ಥಿತಿ ನೋಡಿದ್ರೆ ಮೊದಲ ಆದ್ಯತೆ ನಿಂದೇ."

ಸ್ಕ್ರಿಪ್ಟ್ ತುಂಬಿತು, ನಿಂತಿತು. ಮಾತಿನ ಭರದಲ್ಲಿ ಒಂದಕ್ಷರ ತಪ್ಪಿತು. ಪುಟ ಮತ್ತೆ ತೆರೆದುಕೊಂಡು ಹೊಸ ಕ್ಯಾಪ್ಚಾ ತೋರಿಸಿತು. ಸ್ಕ್ರಿಪ್ಟೂ ಮತ್ತೆ ಕಾದು ನಿಂತಿತು. ಟೈಪ್ ಮಾಡಿದಳು, ಒತ್ತಿದಳು. ರಸೀದಿ ಮಡಿಸಿ ಅಕ್ಕನ ಬ್ಯಾಗಿಗೆ ತುರುಕಿದಳು. ತಂಗಿ ಮಾಡಿದ್ದಲ್ಲವೇ ಎಂದು ಅಕ್ಕನೂ ಓದಲಿಲ್ಲ.

ಆದೇಶ ಬಂದಾಗ ಅಕ್ಕನಿಗೆ ಸಿಕ್ಕಿದ್ದು ಗಡಿಯಾಚೆಗೆ ಕಾಲು ಚಾಚಿದಂತಿದ್ದ ಒಂದು ಮೂಲೆಯ ಆಸ್ಪತ್ರೆ. ಯಾರೂ ಕೇಳದ ಜಾಗ. ಕೇಳಿದ್ದಾಳೆಂದು ಸರ್ಕಾರ ಆದ್ಯತೆಯ ಮೇಲೆಯೇ ಕೊಟ್ಟಿತ್ತು.

ಮೈದುನ ಬಂದು ನೋಡಿದ. ಕ್ಯಾಪ್ಚಾ ತಪ್ಪಿದರೆ ಪೋರ್ಟಲ್ ಉಳಿದದ್ದನ್ನೆಲ್ಲ ಹಾಗೇ ಇಟ್ಟು, ಆಸ್ಪತ್ರೆಯ ಆಯ್ಕೆಯನ್ನು ಮಾತ್ರ ಪಟ್ಟಿಯ ಮೊದಲ ಹೆಸರಿಗೆ ತಿರುಗಿಸಿಬಿಡುತ್ತಿತ್ತು. ಅದನ್ನು ಮತ್ತೆ ಆರಿಸುವಂತೆ ಅವನು ಬರೆದಿರಲಿಲ್ಲ.

"ನಾನು ಟೆಸ್ಟ್ ಮಾಡುವಾಗ ಕ್ಯಾಪ್ಚಾ ಒಂದ್ಸಲಾನೂ ತಪ್ಪಿರ್ಲಿಲ್ಲ ಅತ್ತಿಗೆ," ಎಂದ, ತಪ್ಪದೇ ಇದ್ದದ್ದು ತನ್ನ ಜಾಣತನ ಎಂಬಂತೆ. ಇವಳಿಗೆ ಮೈಯೆಲ್ಲ ಉರಿಯಿತು. ಆದರೆ ಬೈಯುವುದು ಯಾರನ್ನು? ಆ ಪುಟದ ಮುಂದೆ ಕಣ್ಣಿದ್ದವಳು ತಾನೊಬ್ಬಳೇ.

ಅಕ್ಕ ಬಂದಾಗ ಸ್ಕ್ರಿಪ್ಟ್ ಮುಚ್ಚಿ, ಮೇಲ್ಮನವಿಯ ಪುಟ ತೆರೆದಳು. "ಕೂತ್ಕೋ ಅಕ್ಕ. ಒಂದೊಂದನ್ನೂ ನಾನೇ ಕೈಯಾರೆ ತುಂಬ್ತೀನಿ."

ಅಕ್ಕ ಕೂರಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಇವಳಿಗೆ ಎಷ್ಟೋ ಹಗುರವಾಗುತ್ತಿತ್ತು.

"ಎದುರಿನ ಅಂಗಡೀಲಿ ತುಂಬಿಸಿ ಬಂದೆ," ಎಂದಳು ಅಕ್ಕ. ಆಮೇಲೆ ಮನೆಯ ಬೀಗದ ಕೈ ತೆಗೆದು ಕೀಬೋರ್ಡಿನ ಪಕ್ಕ ಇಟ್ಟಳು. "ನಾಳೆ ಹೊರಡ್ತೀನಿ. ನಿಮ್ಮ ಭಾವನ್ನಾದ್ರೂ ಸರಿಯಾಗಿ ನೋಡ್ಕೋ."