ಶೀಟು ತೋರಿಸಿದ ಸೊನ್ನೆ

ಹೂಡಿಕೆ ಸಲಹೆಗಾರನ ಆಫೀಸಿನಲ್ಲಿ ಗ್ರಾಹಕರ ಲೆಕ್ಕದ ಶೀಟುಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಸೋದರಮಾವನೂ ಅಲ್ಲಿನ ಗ್ರಾಹಕ. ಟೈಲರ್. ಕೈಗೆ ಬಂದಾಗ ಹಾಕುತ್ತಾನೆ, ಬೇಕೆಂದಾಗ ತೆಗೆಯುತ್ತಾನೆ, ಎರಡನ್ನೂ ಮರೆಯುತ್ತಾನೆ.

ಹೋದ ವಾರ ಅವನು ಫೋನ್ ಮಾಡಿದ್ದ. "ಪುಟ್ಟೀ, ಅಂಗಡಿ ಬಿಡ್ತಾ ಇದೀನಿ. ಸೂಜಿ ಪೋಣಿಸೋಕೂ ಕಣ್ಣು ಕಾಣ್ತಿಲ್ಲ. ಅಡ್ವಾನ್ಸ್ ನಾಲ್ಕು ಲಕ್ಷ ವಾಪಸ್ ಬಂತು. ಅದನ್ನೂ ಅಲ್ಲೇ ಹಾಕ್ಲಾ? ನನ್ನ ದುಡ್ಡು ಬೆಳೆದಿದ್ಯಾ, ಸೊರಗಿದ್ಯಾ, ಅಷ್ಟು ಹೇಳು."

ಹಾಕಿದ್ದು ಮೈನಸ್, ತೆಗೆದದ್ದು ಪ್ಲಸ್, ಪಕ್ಕದಲ್ಲಿ ಆಯಾ ತಾರೀಖು, ಕೊನೆಯಲ್ಲಿ ಇಂದಿನ ಬೆಲೆ. ಎಕ್ಸ್‌ಐಆರ್‌ಆರ್ ಅನ್ನುವ ಸೂತ್ರ ಒತ್ತಿದಳು. ಯಾವ ಹಣ ಎಷ್ಟು ದಿನ ದುಡಿದಿದೆ ಎಂದು ನೋಡಿ ಅದು ವರ್ಷಕ್ಕಿಷ್ಟು ಅನ್ನುವ ಒಂದೇ ದರ ಕೊಡುತ್ತದೆ. 0.00% ಬಂತು.

"ಸೊನ್ನೆ ಮಾವ. ಲಾಭವೂ ಇಲ್ಲ, ನಷ್ಟವೂ ಇಲ್ಲ."

"ಅಸಲು ಉಳೀತಲ್ಲ, ಸಾಕು," ಅಂದ ಮಾವ. ನಾಲ್ಕು ಲಕ್ಷ ಹಾಕಿಬಿಟ್ಟ. ಹೊಸ ಕಂತಿಗೆ ಐದು ವರ್ಷ ಬೀಗ, ಅಲ್ಲಿವರೆಗೆ ತೆಗೆಯುವಂತಿಲ್ಲ.

ಇವತ್ತು ಅದೇ ಶೀಟಿಗೆ ಹೊಸ ಕಂತು ಸೇರಿಸಲು ಹೋದವಳು ಹಳೆಯ ಸಾಲುಗಳನ್ನು ಸುಮ್ಮನೆ ಕೂಡಿದಳು. ಹಾಕಿದ್ದು ಒಟ್ಟು ಒಂಬತ್ತು ಲಕ್ಷ. ತೆಗೆದದ್ದು ಒಂದು. ಉಳಿದದ್ದು ಎರಡು. ದರ ಸೊನ್ನೆ ಅಂದರೆ ತೆಗೆದದ್ದೂ ಉಳಿದದ್ದೂ ಸೇರಿ ಹಾಕಿದ್ದಕ್ಕೆ ಸರಿಸಮ ಇರಬೇಕು. ಇಲ್ಲಿ ಆರು ಲಕ್ಷ ಮಾಯ.

ಅವಳು ಸೀನಿಯರ್ ಹತ್ತಿರ ಓಡಿದಳು.

"ಓಹೋ, ಆ ಸೊನ್ನೆನಾ," ಅಂದ ಅವನು. "ನಾವು ಬೇರೆ ಕೊಡದಿದ್ರೆ ಸೂತ್ರ ಹತ್ತು ಪರ್ಸೆಂಟ್‌ನಿಂದ ಊಹೆ ಮಾಡ್ತಾ ಹುಡುಕುತ್ತೆ. ನಷ್ಟ ಜಾಸ್ತಿ ಇದ್ರೆ ಒಂದೊಂದ್ಸಲ ದಾರಿ ತಪ್ಪಿ ಸೊನ್ನೆ ಹತ್ತಿರ ನಿಂತುಬಿಡುತ್ತೆ. ಮೈನಸ್ ಐವತ್ತರಿಂದ ಹುಡುಕು ಅನ್ನು. ಒಟ್ಟು ಕೂಡಿ ನೋಡ್ಲಿಲ್ವಾ ನೀನು?"

ಊಹೆಯ ಜಾಗದಲ್ಲಿ -0.5 ಹಾಕಿದಳು. ಹಳೆಯ ಹಣದ ದರ ಬಂತು: ವರ್ಷಕ್ಕೆ ಮೈನಸ್ ಅರವತ್ತು ಚಿಲ್ಲರೆ ಪರ್ಸೆಂಟ್.

ಮೆಟ್ಟಿಲ ಹತ್ತಿರ ನಿಂತು ಫೋನ್ ಮಾಡಿದಳು. ಎಲ್ಲ ಹೇಳಿದಳು.

"ಮೊನ್ನೆ ಹಾಕಿದ್ದು?" ಅಂದ ಮಾವ.

"ತೆಗೆಯೋಕಾಗಲ್ಲ ಮಾವ. ಕೇಳಿದೆ."

"ಮೆಷಿನ್ನೂ ಕೊಟ್ಬಿಟ್ಟೆ ಕಣೆ," ಅಂದ. ಬೈದಿದ್ದರೆ ಎಷ್ಟೋ ವಾಸಿ ಅನ್ನಿಸಿತು ಅವಳಿಗೆ.

ಹಿಂದಿನಿಂದ ಅತ್ತೆಯ ದನಿ ಕೇಳಿತು. "ಯಾರ್ರೀ? ಪುಟ್ಟೀನಾ? ಏನಂತೆ?"

"ಏನಿಲ್ಲ ಕಣೆ," ಅಂದ ಮಾವ. "ಅದೇ, ಸೊನ್ನೆಯಂತೆ."

"ಸದ್ಯ, ಇದ್ದದ್ದು ಇದೆಯಲ್ಲ," ಅಂದಳು ಅತ್ತೆ. ಅವಳು ಪಾತ್ರೆ ತೊಳೆಯಲು ಹೋದ ಸದ್ದು ಕೇಳಿಸಿತು. ಮಾವ ಫೋನ್ ಇಡಲಿಲ್ಲ. ಇವಳೂ ಇಡಲಿಲ್ಲ.