ಧೊಂಡಿಬಾ ಅವರ ಹಾಳೆ, ಪ್ರಣಾಲಿಯ ರನ್‌ರೇಟು

ಪ್ರಣಾಲಿಗೆ ಕ್ರಿಕೆಟ್ ಬಗ್ಗೆ ಗೊತ್ತಿದ್ದದ್ದು ಒಂದೇ: ಫೈನಲ್ ಇದ್ದಾಗ ಫ್ಲೆಕ್ಸ್ ಆರ್ಡರ್ ಬರುತ್ತದೆ. ಬೀದರಿನ ಚಿದ್ರಿಯಲ್ಲಿ ಅವಳದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಝೆರಾಕ್ಸ್, ಹುಟ್ಟುಹಬ್ಬದ ಬ್ಯಾನರ್ ಅಂತ ದಿನ ಸಾಗುತ್ತಿತ್ತು. ಶನಿವಾರ ಬೆಳಿಗ್ಗೆ ಹತ್ತಕ್ಕೆ ಕಾಕಾ ಮಚ್ಛೇಂದ್ರ ಅವರ ಫೋನ್ ಬಂತು. ಕಾಕಾ ರಿಟೈರಾದ ಪಿ.ಟಿ. ಮಾಸ್ತರು, ಊರಿನ ಟೆನಿಸ್ ಬಾಲ್ ಟೂರ್ನಮೆಂಟಿನ ಕಾರ್ಯದರ್ಶಿ. ಲೀಗ್ ಮುಗಿದಿದೆ, ನಾಳೆ ಫೈನಲ್, ಸ್ಕೋರಿನ ಹಾಳೆಯ ಫೋಟೋ ಕಳಿಸಿದ್ದೇನೆ, ಅದನ್ನು ನೋಡಿ ಪಾಯಿಂಟ್ಸ್ ಟೇಬಲ್ ಮಾಡಿ ತಂಡಗಳ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕು, ಆಮೇಲೆ ಫೈನಲಿಗೆ ಬಂದ ಎರಡು ತಂಡದ ಫ್ಲೆಕ್ಸ್ ಮಾಡು ಎಂದರು. ಅರ್ಧ ತಾಸಿನ ಕೆಲಸ ಎಂದೂ ಸೇರಿಸಿದರು.

ಫೋಟೋ ಬಂತು. ಹಾಳೆಯನ್ನು ಯಾರದೋ ಬೈಕಿನ ಸೀಟಿನ ಮೇಲೆ ಇಟ್ಟು ತೆಗೆದಿದ್ದರು. ನಡುವೆ ಒಂದು ಮಡಿಕೆ, ಮೂಲೆಯಲ್ಲಿ ಒಂದು ಹೆಬ್ಬೆರಳು. ಬರೆದವರು ಔರಾದಿನ ಧೊಂಡಿಬಾ, ಎಲ್ಲ ಪಂದ್ಯಕ್ಕೂ ಊರೂರು ತಿರುಗಿ ಸ್ಕೋರು ಬರೆದ ಹಿರಿಯರು. ಮೂಲ ಹಾಳೆ ಅವರ ಹತ್ತಿರ ಔರಾದಿನಲ್ಲೇ ಇತ್ತು. ಪ್ರಣಾಲಿ ಮೊದಲು ಫೋಟೋವನ್ನು ಮೊಬೈಲಿನ ಒಂದು ಆ್ಯಪಿಗೆ ಕೊಟ್ಟು ನೋಡಿದಳು. ಅದು 'ಸಂತಪುರ' ಎಂಬುದನ್ನು 'ಸಂಪು ರ' ಎಂದು ಓದಿತು, ಹೆಬ್ಬೆರಳನ್ನು ಸೊನ್ನೆ ಎಂದಿತು. ಬೇಡ ಎಂದು ಅವಳು ಎಕ್ಸೆಲ್ ತೆರೆದು ಒಂದೊಂದೇ ಸಾಲು ಕೈಯಾರೆ ಹೊಡೆದಳು.

ತಂಡಗಳು ನಾಲ್ಕು: ಬೀದರ, ಭಾಲ್ಕಿ, ಔರಾದ, ಸಂತಪುರ. ಪಂದ್ಯಗಳು ಆರು, ಎಂಟೆಂಟು ಓವರಿನವು. ಗೆದ್ದರೆ ಎರಡು ಪಾಯಿಂಟ್. ಬೀದರ ಮೂರೂ ಗೆದ್ದು ಆರು ಪಾಯಿಂಟಿನೊಂದಿಗೆ ಆರಾಮಾಗಿ ಫೈನಲಿನಲ್ಲಿ ಕೂತಿತ್ತು. ತಂಟೆ ಇದ್ದದ್ದು ಉಳಿದ ಮೂವರಲ್ಲಿ. ಸಂತಪುರ ಔರಾದನ್ನು ಸೋಲಿಸಿತ್ತು, ಔರಾದ ಭಾಲ್ಕಿಯನ್ನು, ಭಾಲ್ಕಿ ಸಂತಪುರವನ್ನು. ಮೂವರಿಗೂ ಎರಡೆರಡು ಪಾಯಿಂಟ್. ಇಂಥಾ ಹೊತ್ತಿನಲ್ಲಿ ನೆಟ್ ರನ್‌ರೇಟ್ ನೋಡಬೇಕು ಎಂದು ಕಾಕಾ ಹೇಳಿದ್ದರು. ಅದೇನು ಎಂದು ಅವಳು ಮೊಬೈಲಿನಲ್ಲಿ ಹುಡುಕಿದಳು. ತಂಡ ಹೊಡೆದ ಒಟ್ಟು ರನ್ನನ್ನು ಆಡಿದ ಓವರಿನಿಂದ ಭಾಗಿಸು, ಬಿಟ್ಟುಕೊಟ್ಟ ಒಟ್ಟು ರನ್ನನ್ನು ಹಾಕಿದ ಓವರಿನಿಂದ ಭಾಗಿಸು, ಮೊದಲನೆಯದರಿಂದ ಎರಡನೆಯದನ್ನು ಕಳೆ. ಇಷ್ಟೇನಾ ಎಂದುಕೊಂಡು ಕೆಳಗಿನದನ್ನು ಓದದೆ ಫಾರ್ಮುಲಾ ಹಾಕಿದಳು.

ಹನ್ನೆರಡಕ್ಕೆ ಆರೂ ಪಂದ್ಯದ ಸ್ಕೋರಿನ ಸಮೇತ ಟೇಬಲ್ ಸಿದ್ಧ. ಭಾಲ್ಕಿ ಮೈನಸ್ 0.542, ಔರಾದ ಮೈನಸ್ 0.697, ಸಂತಪುರ ಮೈನಸ್ 1.042. ಎಲ್ಲರೂ ಮೈನಸ್ಸಿನಲ್ಲೇ ಇದ್ದರೂ ಭಾಲ್ಕಿ ಕಡಿಮೆ ಮೈನಸ್ಸು, ಹಾಗಾಗಿ ಫೈನಲಿಗೆ ಭಾಲ್ಕಿ. ಗ್ರೂಪಿಗೆ ಹಾಕಿದ ಹತ್ತು ನಿಮಿಷಕ್ಕೆ ಭಾಲ್ಕಿಯ ನಾಯಕ ಮಂಗೇಶ ಪಟಾಕಿಯ ವಿಡಿಯೋ ಕಳಿಸಿದ. ಹಿಂದೆಯೇ ತನ್ನ ಫೋಟೋ ಕಳಿಸಿ, ಫ್ಲೆಕ್ಸಿನಲ್ಲಿ ಕನ್ನಡಕ ಹಾಕಿಕೊಂಡದ್ದೇ ಬರಲಿ ಎಂದು ಬರೆದ. ಪ್ರಣಾಲಿ ಕನ್ನಡಕದ ಮಂಗೇಶನನ್ನು ಬೀದರ ನಾಯಕನ ಎದುರು ಕೂರಿಸಿ, ನಡುವೆ ಬೆಂಕಿ ಹತ್ತಿದ ಚೆಂಡು ಇಟ್ಟಳು.

ಪ್ರಿಂಟಿಗೆ ಕೊಡಬೇಕು ಅನ್ನುವಷ್ಟರಲ್ಲಿ ಔರಾದ ತಂಡದ ನಾಯಕ ಪರಾಗನ ಫೋನು. ಅವನು ಕಾಲೇಜಿನಲ್ಲಿ ಗುತ್ತಿಗೆ ಉಪನ್ಯಾಸಕ. ಮಾತು ನಯ, ಆದರೆ ಮುಗಿಯುವುದಿಲ್ಲ.

"ಮೇಡಮ್, ಭಾಲ್ಕಿದವ್ರು ಬೀದರ ಜೋಡಿ ಐದು ಓವರ್‌ದಾಗ ಐವತ್ತಕ್ಕ ಆಲೌಟ್ ಆಗ್ಯಾರ. ನೀವು ಐದೇ ಓವರ್ ಹಿಡದೀರಿ. ಆಲೌಟ್ ಆದ್ರ ಪೂರಾ ಎಂಟು ಓವರ್ ಹಿಡೀಬೇಕ್ರಿ. ಇಲ್ಲಾಂದ್ರ ಲಗೂ ಔಟ್ ಆದವ್ರಿಗೇ ಇನಾಮು ಕೊಟ್ಟಂಗ ಆಗ್ತದ."

ಪ್ರಣಾಲಿ ನೋಡಿದಳು. ಹೌದು. ಐದಕ್ಕೆ ಭಾಗಿಸಿದರೆ ಓವರಿಗೆ ಹತ್ತು, ಎಂಟಕ್ಕೆ ಭಾಗಿಸಿದರೆ ಆರೂಕಾಲು. ಮಂಗೇಶನ ಪಡೆ ಕೆಟ್ಟದಾಗಿ ಆಡಿದ್ದಕ್ಕೇ ಮೇಲೆ ಹೋಗಿತ್ತು. ಪರಾಗ ಅಲ್ಲಿಗೆ ನಿಲ್ಲಿಸಲಿಲ್ಲ. ಔರಾದ ಭಾಲ್ಕಿಯ ಮೇಲೆ 7.3 ಓವರಿನಲ್ಲಿ ಗೆದ್ದದ್ದು ಏಳು ಓವರು ಮೂರು ಚೆಂಡು; ಓವರಿಗೆ ಆರು ಚೆಂಡಾದ್ದರಿಂದ ಮೂರು ಚೆಂಡು ಎಂದರೆ ಅರ್ಧ ಓವರು, ಎಕ್ಸೆಲ್‌ನಲ್ಲಿ 7.5 ಎಂದು ಬರೆಯಬೇಕು ಎಂದು ಪಾಠ ಮಾಡಿದ. ಇದರಿಂದ ತಮಗೇ ಸ್ವಲ್ಪ ನಷ್ಟ, ಆದರೂ ನಿಯಮ ನಿಯಮವೇ ಎಂದು ದೊಡ್ಡ ಮನಸ್ಸಿನಿಂದ ಹೇಳಿದ. ಇಂಥಾ ಪ್ರಾಮಾಣಿಕ ಮನುಷ್ಯ ಕ್ರಿಕೆಟ್‌ನಲ್ಲೂ ಇದ್ದಾನಲ್ಲ ಎಂದು ಪ್ರಣಾಲಿಗೆ ಹಿತವೆನಿಸಿತು.

ಎರಡೂ ತಿದ್ದಿದಾಗ ಟೇಬಲ್ ಮಗ್ಗುಲು ಬದಲಿಸಿತು. ಔರಾದ ಮೈನಸ್ 0.773, ಸಂತಪುರ ಮೈನಸ್ 1.042, ಭಾಲ್ಕಿ ಮೈನಸ್ 1.569. ಎರಡೂವರೆಗೆ ಹೊಸ ಟೇಬಲ್ ಗ್ರೂಪಿಗೆ ಹೋಯಿತು. ಮಂಗೇಶ ಪಟಾಕಿಯ ವಿಡಿಯೋ ಡಿಲೀಟ್ ಮಾಡಿ, ಅಂಗಡಿಯವರು ಔರಾದಿಗೆ ಮಾರಿಕೊಂಡಿದ್ದಾರೆ ಎಂದು ಬರೆದ. ಕಾಕಾ ಅವನಿಗೆ ಆಲೌಟಿನ ನಿಯಮವನ್ನು ಮೂರು ಸಲ ತಿಳಿಸಿ ಹೇಳಿದರು. ನಾಲ್ಕನೇ ಸಲಕ್ಕೆ ಅವನು, ಹಾಗಾದರೆ ಉಳಿದ ಮೂರು ಓವರು ಈಗ ಬಂದು ಆಡುತ್ತೇವೆ ಎಂದ. ಔರಾದಿನವರು ನಾಳೆಗೆ ಒಂದು ಟೆಂಪೋ ಗೊತ್ತು ಮಾಡಿಕೊಂಡರು. ಸಂತಪುರದವರು ಮಾತ್ರ ಗ್ರೂಪಿನಲ್ಲಿ ಒಂದಕ್ಷರ ಬರೆಯಲಿಲ್ಲ. ಅವರ ನಾಯಕ ಪಂಢರಿ ತೊಗರಿ ಒಕ್ಕುವ ರಾಶಿ ಯಂತ್ರ ನಡೆಸುವವನು; ರಾಶಿಯ ದಿನಗಳಲ್ಲಿ ಮೊಬೈಲು ಮನೆಯಲ್ಲೇ ಇಡುತ್ತಿದ್ದ.

ಪ್ರಣಾಲಿ ಕನ್ನಡಕದ ಮಂಗೇಶನನ್ನು ತೆಗೆದು ಪರಾಗನನ್ನು ಕೂರಿಸುತ್ತಿದ್ದಾಗ ಅವಳ ಆಜಿ ಭಾಗೀರಥಿಬಾಯಿ ಊಟದ ಡಬ್ಬಿ ಹಿಡಿದು ಬಂದಳು. ಮೂರೂವರೆಯಾದರೂ ಮೊಮ್ಮಗಳು ಉಂಡಿಲ್ಲ ಎಂಬ ಸಿಟ್ಟು ಅವಳಿಗೆ. ಆಜಿಗೆ ಕ್ರಿಕೆಟ್ ಗೊತ್ತಿಲ್ಲ, ಇಂಗ್ಲಿಷ್ ಗೊತ್ತಿಲ್ಲ. ತವರಿನಲ್ಲಿ ನಾಲ್ಕನೇ ತರಗತಿಯವರೆಗೆ ಮರಾಠಿ ಶಾಲೆಗೆ ಹೋಗಿದ್ದಳು, ಕಣ್ಣಿಗೆ ಬಿದ್ದ ಮರಾಠಿಯನ್ನೆಲ್ಲ ಗಟ್ಟಿಯಾಗಿ ಓದುವ ರೂಢಿ ಇತ್ತು. ಪ್ರಣಾಲಿ ಉಣ್ಣಲು ಕೂತಳು. ಆಜಿ ಕುರ್ಚಿ ಎಳೆದುಕೊಂಡು, ಪರದೆಯ ಮೇಲೆ ದೊಡ್ಡದಾಗಿ ತೆರೆದಿದ್ದ ಧೊಂಡಿಬಾ ಅವರ ಹಾಳೆಯನ್ನು ನೋಡಿದಳು. ಬೆರಳಿಟ್ಟು ಒಂದೇ ಒಂದು ಅಂಕಿ ಓದಿದಳು.

"ಚಾಳೀಸ."

ಪ್ರಣಾಲಿ ತುತ್ತು ಕೈಯಲ್ಲೇ ಹಿಡಿದು ತಿರುಗಿದಳು. ಆಜಿಯ ಬೆರಳು ಔರಾದ–ಸಂತಪುರ ಪಂದ್ಯದ ಸಾಲಿನ ಮೇಲಿತ್ತು. ಸಂತಪುರ 82, ಔರಾದ 80.

"ಆಜಿ, ಅದು ಎಂಬತ್ತು."

"ಎಂಬತ್ತು ಹ್ಯಾಂಗಾಗ್ತದ? ಮ್ಯಾಲ ಬಾಯಿ ತೆರದದ ನೋಡು. ಇದು ಮರಾಠಿ ನಾಲ್ಕು. ಬಾಜೂಕ ಸೊನ್ನಿ. ಚಾಳೀಸ."

ಪ್ರಣಾಲಿ ಎಡಗೈಯಲ್ಲಿ ಚಿತ್ರವನ್ನು ಇನ್ನಷ್ಟು ಹಿಗ್ಗಿಸಿದಳು. ಅದೇ ಸಾಲಿನಲ್ಲಿ ಓವರಿನ ಜಾಗದಲ್ಲಿದ್ದ 8 ಎರಡು ಗುಂಡಗಿನ ಉಂಗುರ, ಪೂರಾ ಮುಚ್ಚಿತ್ತು. ರನ್ನಿನ ಜಾಗದ್ದು ಮೇಲೆ ತೆರೆದು ಎರಡು ಕೋಡಿನ ಹಾಗೆ ನಿಂತಿತ್ತು. ಹಾಳೆಯ ಮಡಿಕೆ ಸರಿಯಾಗಿ ಆ ಕೋಡುಗಳ ಮೇಲೆಯೇ ಹಾದು, ದೂರದಿಂದ ನೋಡಿದರೆ ಮುಚ್ಚಿದಂತೆ ಕಾಣುತ್ತಿತ್ತು. ಸೊನ್ನೆಯಂತೂ ಯಾವ ಲಿಪಿಯಲ್ಲೂ ಸೊನ್ನೆಯೇ. ಫಲಿತಾಂಶದ ಜಾಗದಲ್ಲಿ 'ಸಂತಪುರ ಜಯ' ಎಂದಿತ್ತು. ಎಂಬತ್ತಾದರೂ ಸಂತಪುರಕ್ಕೇ ಜಯ, ನಲವತ್ತಾದರೂ ಸಂತಪುರಕ್ಕೇ. ಹಾಗಾಗಿ ಯಾರಿಗೂ ಸಂಶಯ ಬಂದಿರಲಿಲ್ಲ.

ಅವಳು ಕೈ ತೊಳೆದು ಧೊಂಡಿಬಾ ಅವರಿಗೆ ಫೋನ್ ಹಚ್ಚಿದಳು. ಆ ಪಂದ್ಯದಲ್ಲಿ ಔರಾದ ಹೊಡೆದದ್ದು ಎಷ್ಟು ಎಂದು ಕೇಳಿದಳೇ ಹೊರತು ಎಂಬತ್ತು, ನಲವತ್ತು ಯಾವುದನ್ನೂ ಬಾಯಿಗೆ ತರಲಿಲ್ಲ. ಧೊಂಡಿಬಾ ಒಂದು ಕ್ಷಣವೂ ತಡೆಯಲಿಲ್ಲ.

"ನಲವತ್ತ ಹೊಡದ್ರವ್ವ. ಎಂಟು ಓವರ್ ಆಡಿ ನಲವತ್ತ. ನೋಡಿ ನಮಗೇ ನಾಚಿಕಿ ಬಂತು. ಯಾಕ, ಹಾಳ್ಯಾಗ ಬರದೇನಲ್ಲ."

ಮರಾಠಿ ಅಂಕಿಯಲ್ಲಿ ಬರೆದಿದ್ದೀರಿ ಎಂದಾಗ ಅವರು ಪೆಟ್ಟಿಗೆಯಿಂದ ಹಾಳೆ ತೆಗೆದು ನೋಡಿ, ಎಲ್ಲವನ್ನೂ ಇಂಗ್ಲಿಷಿನಲ್ಲೇ ಬರೆಯಬೇಕೆಂದು ಮಾಸ್ತರರು ತಾಕೀತು ಮಾಡಿದ್ದರು, ತಮ್ಮ ಊರಿನವರ ಆಟ ನೋಡಿ ಬೇಜಾರಾಗಿ ಕೈ ತನ್ನಷ್ಟಕ್ಕೇ ಮರಾಠಿ ಶಾಲೆಯಲ್ಲಿ ಕಲಿತ ಅಂಕಿಗೆ ಹೋಗಿಬಿಟ್ಟಿತು ಎಂದರು. ಹೊಸ ಫೋಟೋ ಕಳಿಸಿದರು. ಈ ಸಲ ಹಾಳೆ ನೆಲದ ಮೇಲೆ ನೆಟ್ಟಗೆ ಹಾಸಿತ್ತು. ಅಂಕಿ ನಿಚ್ಚಳ. ಪ್ರಣಾಲಿ ಇನ್ನು ಯಾವುದನ್ನೂ ನಂಬಬಾರದೆಂದು ಆರೂ ಪಂದ್ಯದ ಹನ್ನೆರಡು ಸ್ಕೋರನ್ನು ಅವರಿಂದ ಬಾಯಲ್ಲಿ ಹೇಳಿಸಿ ಒಂದೊಂದಾಗಿ ತಾಳೆ ನೋಡಿದಳು. ಬೇರೆ ತಪ್ಪಿರಲಿಲ್ಲ.

ಎಂಬತ್ತನ್ನು ಅಳಿಸಿ ನಲವತ್ತು ಹೊಡೆದು ಎಂಟರ್ ಒತ್ತಿದಳು. ಸಂತಪುರ ಮೂರು ಪಂದ್ಯದಲ್ಲಿ ಇಪ್ಪತ್ನಾಲ್ಕು ಓವರಿಗೆ 204 ಹೊಡೆದಿತ್ತು, ಬಿಟ್ಟುಕೊಟ್ಟದ್ದು ಈಗ 229 ಅಲ್ಲ, 189. ರನ್‌ರೇಟ್ ಪ್ಲಸ್ 0.625. ಭಾಲ್ಕಿಯದು ಇದ್ದಷ್ಟೇ, ಮೈನಸ್ 1.569. ಔರಾದ ಮೈನಸ್ 2.475ಕ್ಕೆ ಜಾರಿ ಎಲ್ಲರ ಕೆಳಗೆ ಹೋಗಿ ಕೂತಿತು.

ಪ್ರಣಾಲಿಗೆ ಮೊದಲು ಬಂದದ್ದು ಸಿಟ್ಟು. ಎಂಟು ಓವರಿನಲ್ಲಿ ನಲವತ್ತು ಹೊಡೆದವರಿಗೆ ತಾವು ಎಂಬತ್ತು ಹೊಡೆದಿಲ್ಲ ಎಂಬುದು ಗೊತ್ತಿರುವುದಿಲ್ಲವೇ? ಅವಳು ಪರಾಗನಿಗೆ ಫೋನ್ ಹಚ್ಚಿ ಅದನ್ನೇ ಕೇಳಿದಳು.

"ನಾ ಹೇಳಿದ ನಿಯಮ ಎಲ್ಲಾ ಖರೇ ಅದಾವ್ರಿ ಮೇಡಮ್," ಎಂದ ಪರಾಗ.

"ನಿಯಮ ಖರೇ ಅದಾವ್ರಿ. ರನ್?"

"ರನ್ನಿಂದು ನೀವು ಕೇಳಲಿಲ್ಲಲ್ರಿ. ನಿಮ್ಮ ಟೇಬಲ್‌ದಾಗ ಎಂಬತ್ತು ನೋಡಿ ನಮ್ಮ ಹುಡುಗ್ರು ಭಾಳ ಖುಷಿ ಆದ್ರು. ನಂಗ ಬಾಯಿ ಬರಲಿಲ್ಲ. ತಪ್ಪಾತ್ರಿ."

ಅಷ್ಟು ಮಾತಾಡುವ ಮನುಷ್ಯ ಇಷ್ಟಕ್ಕೇ ನಿಲ್ಲಿಸಿದ್ದು ಕೇಳಿ ಅವಳ ಸಿಟ್ಟು ಅರ್ಧ ಇಳಿಯಿತು. ಕಾಕಾಗೆ ಎಲ್ಲ ವಿವರಿಸಿದಳು. ಅವರು, ಎರಡೂ ಫೋಟೋ, ಲೆಕ್ಕ ಎಲ್ಲವನ್ನೂ ಗ್ರೂಪಿಗೆ ಹಾಕು, ಬಯ್ಯುವವರು ನನಗೆ ಬಯ್ಯಲಿ ಎಂದರು. ಬಯ್ಯಲು ಮೊದಲು ಬಂದವನು ಮಂಗೇಶ. ಆದರೆ ಔರಾದ ತನಗಿಂತ ಕೆಳಗಿದೆ ಎಂದು ಕಂಡದ್ದೇ ಅವನು ತಣ್ಣಗಾಗಿ, ಲೆಕ್ಕ ಬರೋಬ್ಬರಿ ಇದೆ ಎಂದು ಹೊಗಳಿದ.

ಈಗ ಉಳಿದದ್ದು ಸಂತಪುರಕ್ಕೆ ಸುದ್ದಿ ಮುಟ್ಟಿಸುವುದು. ಪಂಢರಿಯ ಫೋನನ್ನು ಅವನ ತಾಯಿ ಅಂಬೂಬಾಯಿ ಎತ್ತಿದರು. ಫೈನಲ್, ರನ್‌ರೇಟ್ ಎಂದೆಲ್ಲ ಪ್ರಣಾಲಿ ಹೇಳಿದ್ದನ್ನು ಶಾಂತವಾಗಿ ಕೇಳಿ, ಮಗ ಹೊಲದಲ್ಲಿದ್ದಾನೆ, ತಂಡದ ನಾಲ್ವರು ಅವನ ಜೊತೆಗೇ ರಾಶಿ ಮಾಡುತ್ತಿದ್ದಾರೆ, ಇಬ್ಬರು ಮದುವೆಗೆ ಹೋಗಿದ್ದಾರೆ, ನಾಳೆ ಬೇಡ, ಸೋಮವಾರ ಇಟ್ಟುಕೊಳ್ಳಿರಿ ಎಂದರು. ಫೈನಲನ್ನು ಹಾಗೆ ಮುಂದೂಡಲು ಬರುವುದಿಲ್ಲ ಎಂದು ತಿಳಿಸಲು ಕಾಲು ಗಂಟೆ ಹಿಡಿಯಿತು. ಮುಸ್ಸಂಜೆಗೆ ಪಂಢರಿಯೇ ಫೋನ್ ಮಾಡಿದ. ಹುಡುಗರನ್ನು ಕೂಡಿಸುತ್ತೇನೆ, ಆದರೆ ಬೆಳಿಗ್ಗೆ ಎಂಟರ ಪಂದ್ಯಕ್ಕೆ ಮೈದಾನ ಮುಟ್ಟುವಂಥ ಬಸ್ಸು ಇಲ್ಲ ಎಂದ. ಫ್ಲೆಕ್ಸಿಗೆ ಫೋಟೋ ಕೇಳಿದರೆ, ತಲೆಗೆ ಟವೆಲ್ ಸುತ್ತಿ ತೊಗರಿ ಚೀಲದ ಮೇಲೆ ಕೂತದ್ದು ಬಂತು. ಬೇರೆ ಇರಲಿಲ್ಲ. ಬೆಂಕಿ ಹತ್ತಿದ ಚೆಂಡಿನ ಆ ಕಡೆ ಅದನ್ನೇ ಹಾಕಿದಳು.

ಬಸ್ಸಿನ ಚಿಂತೆ ತೀರಿಸಿದವನು ಪರಾಗ. ಗೊತ್ತು ಮಾಡಿದ್ದ ಟೆಂಪೋವನ್ನು ಅವನು ರದ್ದು ಮಾಡಲಿಲ್ಲ. ಭಾನುವಾರ ಬೆಳಿಗ್ಗೆ ಅದನ್ನು ಸಂತಪುರಕ್ಕೆ ತಿರುಗಿಸಿ, ಪಂಢರಿಯ ಹನ್ನೊಂದು ಮಂದಿಯನ್ನು, ಅದರಲ್ಲಿ ಮದುವೆಯ ಅಂಗಿಯಲ್ಲೇ ಇದ್ದ ಇಬ್ಬರನ್ನು, ಎಂಟಕ್ಕೆ ಹತ್ತು ನಿಮಿಷ ಇರುವಾಗ ಬೀದರಿನ ಮೈದಾನಕ್ಕೆ ತಂದಿಳಿಸಿದ. ಕಾಕಾ ಅವನಿಗೆ ಏನೋ ಹೇಳಬೇಕೆಂದು ಹೋದವರು ಬೆನ್ನು ತಟ್ಟಿ ಬಂದರು.

ಪ್ರಣಾಲಿ ಆ ದಿನ ಅಂಗಡಿ ಮುಚ್ಚಿ ಧೊಂಡಿಬಾ ಅವರ ಪಕ್ಕ ಸ್ಕೋರಿನ ಮೇಜಿಗೆ ಕೂತಳು. ಬೀದರ 71 ಹೊಡೆಯಿತು. ಸಂತಪುರಕ್ಕೆ ಕೊನೆಯ ಓವರಿಗೆ ಹನ್ನೊಂದು ಬೇಕಿತ್ತು, ಬಂದದ್ದು ಆರು. ನಾಲ್ಕು ರನ್ನಿನಿಂದ ಸೋತರು. ಕೊನೆಯ ಚೆಂಡಿಗೆ ಪ್ರಣಾಲಿ ಪೆನ್ನು ಬಿಟ್ಟು ಎದ್ದು ನಿಂತಿದ್ದಳು. ಧೊಂಡಿಬಾ ಅಂಗಿ ಹಿಡಿದೆಳೆದು, ಚೆಂಡು ಬರಿಯವ್ವ ಎಂದು ಕೂರಿಸಿದರು.

ಬಹುಮಾನ ಮುಗಿದ ಮೇಲೆ ಪಂಢರಿ ಮೇಜಿನ ಹತ್ತಿರ ಬಂದ. ಸೋತ ಮುಖವೇನೂ ಇರಲಿಲ್ಲ. ಫೈನಲಿನದೂ ರನ್‌ರೇಟ್ ಕೂಡಿಸಿ ನೋಡುತ್ತೀರೇನು, ನಾಲ್ಕೇ ರನ್ನು, ಏನಾದರೂ ಸರಿಹೊಂದಬಹುದು ಎಂದು ಕೇಳಿದ.

"ಇಲ್ರಿ ಪಂಢರಿ ಅಣ್ಣಾ, ಫೈನಲ್‌ಕ ಅದು ನಡೆಯಂಗಿಲ್ಲ," ಎಂದಳು ಪ್ರಣಾಲಿ.

ಅವನು ತಲೆಯಾಡಿಸಿ, ಫ್ಲೆಕ್ಸನ್ನಾದರೂ ಕೊಡ್ರಿ, ತೊಗರಿ ಚೀಲದ ಮೇಲೆ ಹೊದಿಸಲು ಆಗುತ್ತದೆ ಎಂದ. ಮದುವೆ ಅಂಗಿಯ ಇಬ್ಬರು ಆಗಲೇ ಅದರ ಹಗ್ಗ ಬಿಚ್ಚುತ್ತಿದ್ದರು.